ಅದೇ ಗಾರೆ, ಅದೇ ಟೈಲ್ಸ್: ದೊಡ್ಡ ಸಭಾಂಗಣದಲ್ಲಿ ಮಾತು ಯಾಕೆ ಕಲಸಿಹೋಗುತ್ತದೆ?

ಪ್ರಶ್ನೆ: ನಮ್ಮ ಸಂಘದ ಹೊಸ ಸಭಾಂಗಣ 20 ಮೀಟರ್ ಉದ್ದ, 12 ಮೀಟರ್ ಅಗಲ, 6 ಮೀಟರ್ ಎತ್ತರ ಇದೆ. ಗೋಡೆಗೂ ಚಾವಣಿಗೂ ಸಿಮೆಂಟ್ ಗಾರೆ, ನೆಲಕ್ಕೆ ಟೈಲ್ಸ್. ಮೈಕಿನಲ್ಲಿ ಮಾತಾಡಿದರೆ ಗುಂಯ್ ಅಂತ ಎಲ್ಲ ಕಲಸಿಹೋಗಿ ಒಂದು ಪದವೂ ತಿಳಿಯುವುದಿಲ್ಲ. ದೊಡ್ಡ ಸ್ಪೀಕರ್ ಹಾಕಿಸಿದೆವು, ಇನ್ನೂ ಕೆಟ್ಟಿತು. ಪಕ್ಕದಲ್ಲಿ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿ ಇದೆ. ಅದಕ್ಕೂ ಅದೇ ಗಾರೆ, ಅದೇ ಟೈಲ್ಸ್. ಅಲ್ಲಿ ಎಂಟು ಜನ ಕೂತು ಮಾತಾಡಿದರೆ ಸರಿಯಾಗಿಯೇ ಕೇಳುತ್ತದೆ. ಯಾಕೆ ಹೀಗೆ? ಗೋಡೆಗೆ ಫೋಮ್ ಅಂಟಿಸಿದರೆ ಸಾಕೆ?

ಉತ್ತರ: ಚಿಕ್ಕ ಕೊಠಡಿಯ ವಿಷಯವನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು, ಯಾಕೆಂದರೆ ಅಲ್ಲಿಂದಲೇ ಶುರುಮಾಡಿದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ.

ಕೊಠಡಿಯೊಳಗಿನ ಸದ್ದು ಗಾಳಿಯಲ್ಲಿ ಸಾಗುವಾಗ ಹೆಚ್ಚೇನೂ ಕರಗುವುದಿಲ್ಲ. ಅದು ಕರಗುವುದು ಗೋಡೆಗೋ ನೆಲಕ್ಕೋ ಚಾವಣಿಗೋ ಬಡಿದಾಗ. ಒಂದೊಂದು ಬಡಿತಕ್ಕೂ ಆ ಮೇಲ್ಮೈ ಒಂದು ಪಾಲು ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಗಾರೆ, ಟೈಲ್ಸ್, ಕಿಟಕಿ, ಬಾಗಿಲು, ಪ್ಲಾಸ್ಟಿಕ್ ಕುರ್ಚಿ ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ನಿಮ್ಮಲ್ಲಿ ಆ ಪಾಲು ನೂರಕ್ಕೆ ನಾಲ್ಕು ಎಂದು ಇಟ್ಟುಕೊಳ್ಳೋಣ. ಅಂದರೆ ಪ್ರತಿ ಬಡಿತದಲ್ಲೂ 96 ಪಾಲು ವಾಪಸು ಬರುತ್ತದೆ. ಹೀಗೆ ಕರಗುತ್ತಾ ಸದ್ದಿನ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಬೇಕಾದರೆ ಸುಮಾರು 340 ಬಡಿತ ಬೇಕು. ಹತ್ತು ಲಕ್ಷದಲ್ಲಿ ಒಂದು ಎಂದರೆ 60 ಡೆಸಿಬೆಲ್ ಇಳಿತ. ಅದಕ್ಕೆ ಹಿಡಿಯುವ ಸಮಯವನ್ನೇ ಅನುರಣನ ಕಾಲ ಎನ್ನುತ್ತೇವೆ.

ಎರಡೂ ಕಡೆ ಗಾರೆ ಒಂದೇ ಆದ್ದರಿಂದ ದೊಡ್ಡ ಸಭಾಂಗಣಕ್ಕೂ ಚಿಕ್ಕ ಕೊಠಡಿಗೂ ಬೇಕಾದ ಬಡಿತಗಳು ಅಷ್ಟೇ, 340. ವ್ಯತ್ಯಾಸ ಇರುವುದು ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ದಾರಿಯಲ್ಲಿ. ಆ ದಾರಿಯ ಸರಾಸರಿ ಉದ್ದ ತಿಳಿಯಲು ಕೊಠಡಿಯ ಘನಅಳತೆಯನ್ನು ನಾಲ್ಕರಿಂದ ಗುಣಿಸಿ ಒಟ್ಟು ಮೇಲ್ಮೈಯಿಂದ ಭಾಗಿಸಬೇಕು. ನಿಮ್ಮ ಸಭಾಂಗಣದ ಘನಅಳತೆ 1440 ಘನ ಮೀಟರ್, ಮೇಲ್ಮೈ 864 ಚದರ ಮೀಟರ್. ದಾರಿ 6.7 ಮೀಟರ್ ಆಯಿತು. ಸದ್ದು ಸೆಕೆಂಡಿಗೆ 343 ಮೀಟರ್ ಓಡುವುದರಿಂದ ಸೆಕೆಂಡಿಗೆ 51 ಬಡಿತ. ಚಿಕ್ಕ ಕೊಠಡಿಯಲ್ಲಿ 60 ಘನ ಮೀಟರ್, 94 ಚದರ ಮೀಟರ್. ದಾರಿ ಎರಡೂವರೆ ಮೀಟರ್ ಮಾತ್ರ, ಸೆಕೆಂಡಿಗೆ 134 ಬಡಿತ. ಈಗ 340 ಬಡಿತಕ್ಕೆ ಎಷ್ಟು ಹೊತ್ತು ಬೇಕೆಂದು ನೋಡಿ. ಚಿಕ್ಕ ಕೊಠಡಿಯಲ್ಲಿ ಎರಡೂವರೆ ಸೆಕೆಂಡ್, ಸಭಾಂಗಣದಲ್ಲಿ ಆರೂವರೆ ಸೆಕೆಂಡಿಗೂ ಸ್ವಲ್ಪ ಹೆಚ್ಚು. ಜಾಗ ದೊಡ್ಡದಾದಷ್ಟೂ ಸದ್ದು ಗೋಡೆಯನ್ನು ಮುಟ್ಟುವುದು ಅಪರೂಪವಾಗುತ್ತದೆ, ಅಷ್ಟೂ ಹೊತ್ತು ಅದು ಬದುಕಿರುತ್ತದೆ.

ಇದನ್ನು ಪ್ರಯೋಗದಿಂದ ಮೊದಲು ಹಿಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ವ್ಯಾಲೇಸ್ ಸಬೀನ್. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಪಾಠವೇ ಕೇಳದಂತಾಗಿತ್ತು. 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂತು. ಖಾಲಿ ಕೋಣೆಯಲ್ಲಿ ಸದ್ದು ಸುಮಾರು ಐದೂವರೆ ಸೆಕೆಂಡ್ ಉಳಿಯುತ್ತಿತ್ತು. ಅವರು ಇನ್ನೊಂದು ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ ಕೋಣೆಯಲ್ಲಿ ಹರಡುತ್ತಾ ಹೋದರು. ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸುವುದು, ಸದ್ದು ಕಿವಿಗೆ ಕೇಳದಾಗುವ ಹೊತ್ತನ್ನು ಗಡಿಯಾರದಲ್ಲಿ ಗುರುತಿಸುವುದು, ಮತ್ತೆ ಕೆಲವು ಮೆತ್ತೆ ಸೇರಿಸುವುದು. ಉಪಕರಣವೆಂದರೆ ಕಿವಿಯೇ. ಅದರಿಂದ ಹೊರಟ ಸೂತ್ರ ಇವತ್ತಿಗೂ ನಮ್ಮ ಕೈಯಲ್ಲಿದೆ:

T = 0.161 × V / A

T ಅನುರಣನ ಕಾಲ, V ಘನಅಳತೆ, A ಒಟ್ಟು ಹೀರಿಕೆ. ಒಂದು ಚದರ ಮೀಟರ್ ತೆರೆದ ಕಿಟಕಿಯ ಮೂಲಕ ಹೋದ ಸದ್ದು ಹಿಂತಿರುಗುವುದಿಲ್ಲ, ಹಾಗಾಗಿ ಅದು ಒಂದು ಚದರ ಮೀಟರ್ ಪೂರ್ಣ ಹೀರಿಕೆ. ಉಳಿದೆಲ್ಲವನ್ನೂ ಆ ಲೆಕ್ಕಕ್ಕೆ ತರುತ್ತೇವೆ. ನಿಮ್ಮ 864 ಚದರ ಮೀಟರ್ ಗಾರೆ ಮತ್ತು ಟೈಲ್ಸ್ ಎಲ್ಲ ಸೇರಿ ನೂರಕ್ಕೆ ನಾಲ್ಕರಂತೆ 34.6 ಚದರ ಮೀಟರ್ ತೆರೆದ ಕಿಟಕಿಗೆ ಸಮ. ಸೂತ್ರಕ್ಕೆ ಹಾಕಿದರೆ 6.7 ಸೆಕೆಂಡ್.

ಚಿಕ್ಕ ಕೊಠಡಿಯಲ್ಲಿ ಇನ್ನೊಂದು ಸಂಗತಿಯೂ ನಡೆಯುತ್ತಿದೆ. ಕುಳಿತ ಒಬ್ಬ ಮನುಷ್ಯ, ಅವನ ಬಟ್ಟೆಯ ಸಮೇತ, ಮಾತಿನ ನಡುಸ್ತರದಲ್ಲಿ, ಅಂದರೆ ತೀರಾ ದಪ್ಪವೂ ತೀರಾ ಕೀಚಲೂ ಅಲ್ಲದ ಸದ್ದಿನಲ್ಲಿ, ಸುಮಾರು 0.45 ಚದರ ಮೀಟರ್ ಹೀರುತ್ತಾನೆ. ಎಂಟು ಜನ ಎಂದರೆ 3.6. ಆ ಕೊಠಡಿಯ ಒಟ್ಟು ಹೀರಿಕೆಯೇ 3.8ರಷ್ಟು ಇತ್ತು, ನೀವು ಎಂಟು ಜನ ಒಳಗೆ ಹೋಗಿ ಕೂತದ್ದರಿಂದಲೇ ಅದು ಹೆಚ್ಚುಕಡಿಮೆ ಎರಡರಷ್ಟಾಯಿತು, ಅನುರಣನ 1.3 ಸೆಕೆಂಡಿಗೆ ಇಳಿಯಿತು. ಅದೇ ಎಂಟು ಜನ ಸಭಾಂಗಣದಲ್ಲಿ ಕೂತರೆ 6.7 ಇದ್ದದ್ದು 6.1 ಆಗುತ್ತದೆ, ಅಷ್ಟೇ. 60 ಜನ ಬಂದರೆ 3.8, 200 ಜನ ತುಂಬಿದರೆ 1.9. ತುಂಬಿದ ಸಭೆಯಲ್ಲಿ ಮಾತು ಒಂದಿಷ್ಟು ತಿಳಿಯುತ್ತದೆ, ಜನ ಕಡಿಮೆಯಾದ ದಿನ ಏನೂ ತಿಳಿಯುವುದಿಲ್ಲ ಎಂಬುದು ನಿಮ್ಮ ಅನುಭವವೂ ಆಗಿದ್ದರೆ ತೊಂದರೆ ಇರುವುದು ಮೈಕಿನಲ್ಲಲ್ಲ, ಅನುರಣನದಲ್ಲಿ ಎಂದು ನಿಶ್ಚಯ ಮಾಡಿಕೊಳ್ಳಿ.

ಈಗ ಮಾತು ಯಾಕೆ ಕಲಸಿಹೋಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಹಜವಾಗಿ ಮಾತಾಡುವಾಗ ಸೆಕೆಂಡಿಗೆ ಸುಮಾರು ಐದು ಅಕ್ಷರ ಬರುತ್ತವೆ, ಅಂದರೆ ಒಂದಕ್ಕೆ ಸೆಕೆಂಡಿನ ಐದನೇ ಒಂದು ಭಾಗ. 60 ಡೆಸಿಬೆಲ್ ಇಳಿಯಲು 6.7 ಸೆಕೆಂಡ್ ಬೇಕಾದರೆ ಒಂದು ಅಕ್ಷರದ ಹೊತ್ತಿನಲ್ಲಿ ಇಳಿಯುವುದು ಎರಡು ಡೆಸಿಬೆಲ್‌ಗಿಂತಲೂ ಕಡಿಮೆ. ಕಿವಿಗೆ ಅದು ಇಳಿತವೇ ಅಲ್ಲ. ಭಾಷಣಕಾರರು 'ಹಾಲು' ಎನ್ನುತ್ತಾರೆ ಎಂದುಕೊಳ್ಳಿ. 'ಹಾಲು', 'ಕಾಲು', 'ಸಾಲು', 'ಪಾಲು' ಇವುಗಳನ್ನು ಬೇರೆ ಮಾಡುವುದು ಮೊದಲ ವ್ಯಂಜನವೊಂದೇ. ಅದು ಕ್ಷಣಮಾತ್ರದ, ಬಹಳ ಮೆಲುವಾದ ಸದ್ದು. ಅದರ ಹಿಂದಿನ ಪದದ ದೀರ್ಘಸ್ವರ ಇನ್ನೂ ಪೂರ್ತಿ ಜೋರಿನಲ್ಲಿ ಸಭಾಂಗಣದಲ್ಲಿ ಸುತ್ತುತ್ತಿರುವಾಗ ಈ ವ್ಯಂಜನ ಅದರಡಿಯಲ್ಲಿ ಮುಳುಗಿಹೋಗುತ್ತದೆ. ಕೇಳುವವರಿಗೆ 'ಆಲು' ಮಾತ್ರ ಸಿಗುತ್ತದೆ. ಅನುರಣನ ಒಂದು ಸೆಕೆಂಡಿಗೆ ಇಳಿದರೆ ಅದೇ ಹೊತ್ತಿನಲ್ಲಿ ಹಿಂದಿನ ಸ್ವರ 12 ಡೆಸಿಬೆಲ್ ಕುಸಿದು ವ್ಯಂಜನಕ್ಕೆ ಜಾಗ ಬಿಡುತ್ತದೆ.

ದೊಡ್ಡ ಸ್ಪೀಕರಿನ ಗತಿಯೂ ಇದರಿಂದಲೇ ಗೊತ್ತಾಗುತ್ತದೆ. ಜೋರು ಮಾಡಿದಾಗ ನೇರವಾಗಿ ಬರುವ ಸದ್ದು ಎಷ್ಟು ಏರುತ್ತದೋ ಸುತ್ತಿ ಬರುವ ಸದ್ದೂ ಅಷ್ಟೇ ಏರುತ್ತದೆ. ಎರಡರ ಅನುಪಾತ ಒಂದಿನಿತೂ ಬದಲಾಗುವುದಿಲ್ಲ. ಜೋರಾದ ಬಾಲ ಮೌನಕ್ಕೆ ಇಳಿಯಲು ಮಾತ್ರ ಇನ್ನಷ್ಟು ಹೊತ್ತು ಹಿಡಿಯುತ್ತದೆ. ನಿಮ್ಮ ಸಭಾಂಗಣ ಖಾಲಿ ಇರುವಾಗ ಸಾಮಾನ್ಯ ಸ್ಪೀಕರಿನಿಂದ ಸುಮಾರು ಎರಡು ಮೀಟರ್ ದೂರದಲ್ಲೇ ಸುತ್ತುವ ಸದ್ದು ನೇರ ಸದ್ದಿಗೆ ಸಮವಾಗಿಬಿಡುತ್ತದೆ. ಅದಕ್ಕಿಂತ ಹಿಂದೆ ಕೂತವರೆಲ್ಲ ಸ್ಪೀಕರನ್ನು ಕೇಳುತ್ತಿಲ್ಲ, ಕಟ್ಟಡವನ್ನು ಕೇಳುತ್ತಿದ್ದಾರೆ. ಹಾಗಾಗಿ ಸ್ಪೀಕರ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ.

ಎಷ್ಟು ಹೀರಿಕೆ ಬೇಕು? ಭಾಷಣಕ್ಕೆ ಈ ಗಾತ್ರದ ಜಾಗದಲ್ಲಿ, 60 ಜನ ಇರುವಾಗ 1.2 ಸೆಕೆಂಡ್ ಎಂದು ಗುರಿ ಇಟ್ಟುಕೊಳ್ಳೋಣ. ಸಂಗೀತವೇ ಮುಖ್ಯವಾಗಿದ್ದರೆ ಇದಕ್ಕಿಂತ ಉದ್ದ ಬೇಕಾಗುತ್ತಿತ್ತು. ಪಾಶ್ಚಾತ್ಯ ವಾದ್ಯವೃಂದದ ದೊಡ್ಡ ಮಂದಿರಗಳಲ್ಲಿ ಎರಡು ಸೆಕೆಂಡಿನ ಆಸುಪಾಸನ್ನೇ ಬಯಸುತ್ತಾರೆ. ಸೂತ್ರವನ್ನು ತಿರುಗಿಸಿದರೆ 1.2 ಸೆಕೆಂಡಿಗೆ 193 ಚದರ ಮೀಟರ್ ಹೀರಿಕೆ ಬೇಕು. ಗಾರೆ ಮತ್ತು 60 ಜನ ಸೇರಿ ಈಗ ಇರುವುದು 61.6. ಕೊರತೆ 131. ಒಳ್ಳೆಯ ಹೀರುಫಲಕ ನಡುಸ್ತರದಲ್ಲಿ ನೂರಕ್ಕೆ 85ರಷ್ಟು ಹೀರುತ್ತದೆ. ಅದು ಮುಚ್ಚಿಹಾಕುವ ಗಾರೆಯ ಪಾಲನ್ನು ಕಳೆದರೆ ಚದರ ಮೀಟರಿಗೆ 0.8 ಲಾಭ. ಒಟ್ಟು 164 ಚದರ ಮೀಟರ್ ಫಲಕ ಬೇಕಾಯಿತು.

ಇಷ್ಟೊಂದೇ ಎಂದು ಅನ್ನಿಸಬಹುದು. ಆದರೆ ಇದರಿಂದ ಇನ್ನೊಂದು ಅನುಕೂಲವಿದೆ. ಈಗ ಖಾಲಿಗೂ ತುಂಬಿದ್ದಕ್ಕೂ ನಡುವೆ 6.7ರಿಂದ 1.9ರವರೆಗಿನ ಅಂತರವಿದೆ. ಫಲಕ ಹಾಕಿದ ಮೇಲೆ ಖಾಲಿಯಲ್ಲಿ 1.4, 200 ಜನರಿದ್ದರೆ 0.9. ಸಭೆಗೆ ಎಷ್ಟು ಜನ ಬಂದರು ಎಂಬುದರ ಮೇಲೆ ಮಾತು ಕೇಳುವುದು ನಿಂತಿರುವುದಿಲ್ಲ. ಇನ್ನೊಂದು ಎಚ್ಚರಿಕೆಯನ್ನೂ ಈಗಲೇ ಹೇಳಿಬಿಡುತ್ತೇನೆ. ಖಾಲಿ ಸಭಾಂಗಣದಲ್ಲಿ ಮೊದಲ 20 ಚದರ ಮೀಟರ್ ಫಲಕ ಹಾಕಿದ ತಕ್ಷಣ 6.7 ಇದ್ದದ್ದು 4.6ಕ್ಕೆ ಬೀಳುತ್ತದೆ, ಎಲ್ಲರಿಗೂ ಖುಷಿಯಾಗುತ್ತದೆ. ಮುಂದಿನ 20ಕ್ಕೆ 3.5. ಆಮೇಲೆ ಪ್ರತಿ ಸಲವೂ ಇಳಿತ ಚಿಕ್ಕದಾಗುತ್ತಾ ಹೋಗುತ್ತದೆ. 'ಇನ್ನು ಹಾಕಿದರೂ ಅಷ್ಟೇ' ಎಂದು ಕೆಲಸ ನಿಲ್ಲಿಸುವುದು ಈ ಹಂತದಲ್ಲೇ. ಮೂರೂವರೆ ಸೆಕೆಂಡಿನಲ್ಲಿ ಮಾತು ಇನ್ನೂ ತಿಳಿಯುವುದಿಲ್ಲ. ಸೆಕೆಂಡುಗಳ ಇಳಿತ ಚಿಕ್ಕದಾಗಿ ಕಾಣುವ ಆ ಕೊನೆಯ ಭಾಗದಲ್ಲೇ ಪದಗಳು ಬಿಡಿಬಿಡಿಯಾಗಿ ಕೇಳತೊಡಗುವುದು.

ಇನ್ನು ಫೋಮಿನ ಮಾತು. ನಾನು ಕಂಡ ಒಂದು ಸಭಾಂಗಣದಲ್ಲಿ ಗೋಡೆಯ ತುಂಬ 25 ಮಿಲಿಮೀಟರ್ ದಪ್ಪದ ಫೋಮ್ ಅಂಟಿಸಿದ್ದರು. ಚಪ್ಪಾಳೆ ತಟ್ಟಿದರೆ ಸದ್ದು ಚಟ್ಟೆಂದು ನಿಲ್ಲುತ್ತಿತ್ತು, ಕೆಲಸ ಚೆನ್ನಾಗಿ ಆಗಿದೆ ಎಂದು ಎಲ್ಲರೂ ನಂಬಿದ್ದರು. ಗಂಡಸೊಬ್ಬರು ಮೈಕಿನ ಮುಂದೆ ನಿಂತು ಮಾತಾಡಿದಾಗ ಮಾತ್ರ ಮಡಕೆಯೊಳಗಿಂದ ಬಂದ ದನಿಯ ಹಾಗೆ ಗುಂಯ್ಗುಡುತ್ತಿತ್ತು. ಕಾರಣ ಹೀಗಿದೆ: ಉಣ್ಣೆ, ಫೋಮ್‌ನಂಥ ರಂಧ್ರಗಳಿರುವ ವಸ್ತು ಸದ್ದನ್ನು ಹೀರುವುದು ಅದರೊಳಗೆ ಗಾಳಿ ಅತ್ತಿತ್ತ ಓಡಾಡಿ ಉಜ್ಜಿಕೊಂಡಾಗ. ಗೋಡೆಗೆ ಅಂಟಿಕೊಂಡ ಗಾಳಿ ಅಲ್ಲಾಡುವುದೇ ಇಲ್ಲ. ಅದರ ಓಡಾಟ ಅತಿ ಹೆಚ್ಚಿರುವುದು ಗೋಡೆಯಿಂದ ಅಲೆಯುದ್ದದ ಕಾಲು ಭಾಗ ದೂರದಲ್ಲಿ. 2000 ಹರ್ಟ್ಸಿನ ಸದ್ದಿಗೆ ಆ ದೂರ ನಾಲ್ಕು ಸೆಂಟಿಮೀಟರ್, ತೆಳು ಫೋಮೂ ಅದನ್ನು ಬಹುಪಾಲು ಹಿಡಿಯುತ್ತದೆ. 125 ಹರ್ಟ್ಸಿಗೆ ಅದು ಸುಮಾರು 70 ಸೆಂಟಿಮೀಟರ್. ಅಲ್ಲಿಗೆ 25 ಮಿಲಿಮೀಟರ್ ಫೋಮ್ ಎಲ್ಲಿ ಸಾಟಿ? ಹೀಗಾಗಿ ವ್ಯಂಜನಗಳ ಮೇಲ್ಸ್ತರದ ಸದ್ದೆಲ್ಲ ಹೀರಿಹೋಗಿ, ಅವನ್ನು ಮುಳುಗಿಸುವ ಕೆಳಸ್ತರದ ಗುಂಯ್ ಹಾಗೇ ಉಳಿಯುತ್ತದೆ. ನೆಲಕ್ಕೆ ಹಾಸುವ ಕಾರ್ಪೆಟ್‌ನದ್ದೂ ಇದೇ ಕಥೆ. ಮೊಟ್ಟೆಯ ಟ್ರೇಗಳನ್ನಂತೂ ಮರೆತುಬಿಡಿ. ಜೊತೆಗೆ, ಸಾಮಾನ್ಯ ಪಾಲಿಯುರೆಥೇನ್ ಫೋಮ್ ಬೆಂಕಿ ತಗುಲಿದರೆ ಬಹಳ ಬೇಗ ಹೊತ್ತಿಕೊಂಡು ವಿಷದ ಹೊಗೆ ಕಾರುತ್ತದೆ. ಜನ ಸೇರುವ ಜಾಗದಲ್ಲಿ ಅದು ಬೇಡವೇ ಬೇಡ.

ಬದಲಿಗೆ ಗಟ್ಟಿಯಾಗಿ ಒತ್ತಿದ ಗ್ಲಾಸ್ ವೂಲ್ ಅಥವಾ ರಾಕ್ ವೂಲ್ ಹಲಗೆ ತೆಗೆದುಕೊಳ್ಳಿ, 50 ಮಿಲಿಮೀಟರ್ ದಪ್ಪದ್ದು. ಅದನ್ನು ಗೋಡೆಗೆ ನೇರ ಅಂಟಿಸದೆ ಚೌಕಟ್ಟಿನ ಮೇಲೆ ಕೂರಿಸಿ, ಹಿಂದೆ 100 ಮಿಲಿಮೀಟರ್ ಖಾಲಿ ಬಿಡಿ. ಆ ಖಾಲಿ ಜಾಗಕ್ಕೆ ಖರ್ಚಿಲ್ಲ, ಆದರೆ ಉಣ್ಣೆಯನ್ನು ಗಾಳಿ ಓಡಾಡುವ ಕಡೆಗೆ ಸರಿಸಿ ಕೆಳಸ್ತರದ ಹೀರಿಕೆಯನ್ನು ಚೆನ್ನಾಗಿ ಏರಿಸುತ್ತದೆ. ಮೇಲೆ ಹೊದಿಸುವ ಬಟ್ಟೆಯನ್ನು ಕೊಳ್ಳುವ ಮುಂಚೆ ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋಗಬೇಕು. ಉಸಿರು ಹೋಗದ ಬಟ್ಟೆಯಲ್ಲಿ ಸದ್ದೂ ಒಳಗೆ ಹೋಗುವುದಿಲ್ಲ. ಇದೇ ಕಾರಣಕ್ಕೆ ಮುಂದೆಂದೋ ಚೆನ್ನಾಗಿ ಕಾಣಲಿ ಎಂದು ಫಲಕದ ಮೇಲೆ ಬಣ್ಣ ಬಳಿಸಬೇಡಿ. ರಂಧ್ರ ಮುಚ್ಚಿದ ದಿನವೇ ಅದು ಮತ್ತೆ ಗಾರೆಯಾಗುತ್ತದೆ. ಇಷ್ಟಾದರೂ ಕೆಳಸ್ತರ ಉಳಿದರೆ ತೆಳು ಪ್ಲೈವುಡ್ಡನ್ನು ಗಾಳಿಯ ಪೊಳ್ಳಿನ ಮುಂದೆ ಕೂರಿಸಿದ ಕೆಲವು ಫಲಕಗಳು ಬೇಕಾಗಬಹುದು. ಅವು ತಾವೇ ಕಂಪಿಸಿ ಆ ಶಕ್ತಿಯನ್ನು ತಿನ್ನುತ್ತವೆ.

ಮೇಲ್ಸ್ತರದ ಬಗ್ಗೆ ನೀವು ಹೆಚ್ಚು ಚಿಂತಿಸಬೇಕಿಲ್ಲ. ಗಾಳಿಯಲ್ಲಿ ಸದ್ದು ಹೆಚ್ಚೇನೂ ಕರಗುವುದಿಲ್ಲ ಎಂದೆನಲ್ಲ, ಅದು ಕೆಳಸ್ತರಕ್ಕೂ ನಡುಸ್ತರಕ್ಕೂ ನಿಜ. 4000 ಹರ್ಟ್ಸಿನಲ್ಲಿ ನಿಮ್ಮ 1440 ಘನ ಮೀಟರ್ ಗಾಳಿಯೇ, ತೇವಾಂಶಕ್ಕೆ ತಕ್ಕಂತೆ, 30 ಚದರ ಮೀಟರಿನ ಆಸುಪಾಸು ಹೀರಿಬಿಡುತ್ತದೆ. ಇಡೀ ಸಭಾಂಗಣದ ಗಾರೆಗೆ ಅದು ಹತ್ತಿರಹತ್ತಿರ ಸಮ. ಚಿಕ್ಕ ಕೊಠಡಿಯಲ್ಲಿ ಈ ಲೆಕ್ಕ ಒಂದೂವರೆ ಚದರ ಮೀಟರನ್ನೂ ದಾಟುವುದಿಲ್ಲ.

ಫಲಕವನ್ನು ಎಲ್ಲಿ ಹಾಕುತ್ತೀರಿ ಎಂಬುದನ್ನು ಸೂತ್ರ ಕೇಳುವುದಿಲ್ಲ, ಅದೇ ಅದರ ದೊಡ್ಡ ಮಿತಿ. ಸದ್ದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿ ಎಲ್ಲ ಮೇಲ್ಮೈಗಳನ್ನೂ ಸಮನಾಗಿ ಮುಟ್ಟುತ್ತದೆ ಎಂದು ಅದು ನಂಬಿದೆ. 164 ಚದರ ಮೀಟರನ್ನೂ ಚಾವಣಿಗೇ ಹಾಕಿಬಿಟ್ಟರೆ ಎರಡು ಉದ್ದ ಗೋಡೆಗಳ ನಡುವೆ ಅಡ್ಡಡ್ಡ ಓಡುವ ಸದ್ದು ಚಾವಣಿಯನ್ನು ಮುಟ್ಟುವುದೇ ಇಲ್ಲ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಟರ್ರ್ ಎಂದು ಅದುರುವ ಸದ್ದು ಬರುತ್ತದೆ. ಅದಕ್ಕಾಗಿ ಹೀಗೆ ಹಂಚಿ: ಹಿಂಬದಿ ಗೋಡೆಗೆ 50 ಚದರ ಮೀಟರ್, ಒಂದು ಉದ್ದ ಗೋಡೆಗೆ ಕಿವಿಯ ಎತ್ತರದಿಂದ ಮೇಲಕ್ಕೆ 30, ಉಳಿದ 84 ಚಾವಣಿಯ ಹಿಂದಿನ ಮತ್ತು ಬದಿಯ ಭಾಗಕ್ಕೆ. ಹಿಂಬದಿ ಗೋಡೆಗೆ ವಿಶೇಷ ಕಾರಣವಿದೆ. ವೇದಿಕೆಯಿಂದ ಹೊರಟ ಸದ್ದು ಅಲ್ಲಿಗೆ ಬಡಿದು ಮುಂದಿನ ಸಾಲಿಗೆ ಮರಳುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. ಅಷ್ಟು ತಡವಾದರೆ ಅದು ಅನುರಣನದಲ್ಲಿ ಬೆರೆಯದೆ ಬೇರೆಯೇ ಪ್ರತಿಧ್ವನಿಯಾಗಿ ಕೇಳುತ್ತದೆ. ವೇದಿಕೆಯ ಮೇಲಿನ ಚಾವಣಿಯನ್ನು ಮಾತ್ರ ಗಾರೆಯಾಗಿಯೇ ಬಿಡಿ. ಅಲ್ಲಿಂದ ಬಡಿದು ಬರುವ ಸದ್ದು ನೇರ ಸದ್ದಿನ ಬೆನ್ನಿಗೇ, 50 ಮಿಲಿಸೆಕೆಂಡಿನೊಳಗೆ ಕಿವಿ ಸೇರುತ್ತದೆ. ಕಿವಿ ಎರಡನ್ನೂ ಒಂದಾಗಿಸಿಕೊಳ್ಳುತ್ತದೆ, ಮಾತಿಗೆ ಬಲ ಬರುತ್ತದೆ.

ಎಲ್ಲವನ್ನೂ ಒಂದೇ ಸಲ ಹಾಕಿಸಬೇಡಿ. ಮೊದಲು ಖಾಲಿ ಸಭಾಂಗಣದಲ್ಲಿ ಫ್ಯಾನ್ ಆರಿಸಿ, ದೊಡ್ಡದಾಗಿ ಊದಿದ ಬಲೂನನ್ನು ವೇದಿಕೆಯ ಮೇಲೆ ಒಡೆದು, ನಡುವಿನ ಸಾಲಿನಲ್ಲಿ ಇಟ್ಟ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. 60 ಡೆಸಿಬೆಲ್ ಪೂರ್ತಿ ಇಳಿಯುವುದನ್ನು ಕಾಯಬೇಡಿ, ಹೊರಗಿನ ಸದ್ದು ಅಡ್ಡ ಬರುತ್ತದೆ. ಮೊದಲ 5 ಡೆಸಿಬೆಲ್ ಬಿಟ್ಟು ಅಲ್ಲಿಂದ 20 ಡೆಸಿಬೆಲ್ ಇಳಿಯಲು ಎಷ್ಟು ಹೊತ್ತಾಯಿತು ಎಂದು ನೋಡಿ ಮೂರರಿಂದ ಗುಣಿಸಿ. ಬಲೂನಿನ ಸದ್ದಿನಲ್ಲಿ ಕೆಳಸ್ತರ ಕಡಿಮೆ, ಹಾಗಾಗಿ ಈ ಅಳತೆಯನ್ನು 500 ಹರ್ಟ್ಸಿನ ಸುತ್ತಮುತ್ತಲಿಗೆ ಮಾತ್ರ ನಂಬಿ. ನಾನು ಊಹಿಸಿದ ನೂರಕ್ಕೆ ನಾಲ್ಕು ನಿಮ್ಮ ಕಟ್ಟಡಕ್ಕೆ ಸರಿಯೇ ಎಂಬುದು ಇಲ್ಲೇ ತಿಳಿಯುತ್ತದೆ, 6.7ರ ಬದಲು 5 ಬಂದರೆ ಆ 5ರಿಂದಲೇ ಲೆಕ್ಕ ಮತ್ತೆ ಹಾಕಿ, ಕೊಳ್ಳಬೇಕಾದ ಫಲಕ ಕಡಿಮೆಯಾಗುತ್ತದೆ.

ಆಮೇಲೆ ಹಿಂಬದಿ ಗೋಡೆಯ 50 ಮತ್ತು ಪಕ್ಕದ ಗೋಡೆಯ 30 ಹಾಕಿಸಿ ಮತ್ತೊಂದು ಬಲೂನ್ ಒಡೆಯಿರಿ. ನನ್ನ ಲೆಕ್ಕದಂತೆ ಖಾಲಿಯಲ್ಲಿ 2.4 ಸೆಕೆಂಡಿನ ಹತ್ತಿರ ಬರಬೇಕು. ಮೂರೂವರೆಯಷ್ಟು ಬಂದರೆ ಮುಂದಿನ ಫಲಕ ತರಿಸುವ ಮುಂಚೆ ನಿಂತು ನೋಡಿ. ಮುದ್ರಿಕೆಯಲ್ಲಿ ಡೆಸಿಬೆಲ್ ಇಳಿಯುವ ಗೆರೆಯ ಇಳಿಜಾರು ಮೊದಲು ಕಡಿದಾಗಿದ್ದು ಆಮೇಲೆ ಮೆಲ್ಲಗಾಗಿದ್ದರೆ ಸದ್ದು ಎಲ್ಲೋ ಎರಡು ಬರಿಯ ಮೇಲ್ಮೈಗಳ ನಡುವೆ, ಬಹುಶಃ ನೆಲ ಮತ್ತು ಚಾವಣಿಯ ನಡುವೆ, ಸಿಕ್ಕಿಕೊಂಡಿದೆ. ಚಾವಣಿಯ ಪಾಲು ಹಾಕಿದರೆ ಸರಿಹೋಗುತ್ತದೆ. ಇಳಿಜಾರು ಶುರುವಿನಿಂದ ಕೊನೆಯವರೆಗೂ ಒಂದೇ ನೇರ ಗೆರೆಯಂತೆ ಇದ್ದೂ ಉದ್ದವಾಗಿದ್ದರೆ ಫಲಕವೇ ಹೇಳಿದಷ್ಟು ಹೀರುತ್ತಿಲ್ಲ, ಒಂದನ್ನು ಬಿಚ್ಚಿಸಿ ಬಟ್ಟೆಯನ್ನೂ ಹಿಂದಿನ ಖಾಲಿ ಜಾಗವನ್ನೂ ಪರೀಕ್ಷಿಸಿ.